ಕಂತು ತಪ್ಪಲಿಲ್ಲ, ಸಾಲವೂ ಇಳಿಯಲಿಲ್ಲ: ಡಾಲರ್ ಸಾಲವನ್ನು ರೂಪಾಯಿಯಲ್ಲಿ ತೀರಿಸುವವರ ಲೆಕ್ಕ

ಬದಿಯಡ್ಕದ ಆಚೆ ಅಡಿಕೆ ತೋಟವಿರುವ ಪರಿಚಯದ ಹಿರಿಯರೊಬ್ಬರು 2026ರ ಜನವರಿಯಲ್ಲಿ ನಮ್ಮ ಮನೆಗೆ ಬಂದರು. ಅವರ ಕೈಯಲ್ಲಿ ನೂರು ಪುಟದ ಗೆರೆ ಪುಸ್ತಕವೊಂದಿತ್ತು. ಮಗಳ ಅಮೆರಿಕದ ಓದಿಗೆ ತೆಗೆದ ಸಾಲದ ಲೆಕ್ಕವನ್ನು ಅವರು ಅದರಲ್ಲಿ ಮೊದಲ ದಿನದಿಂದಲೂ ಬರೆದಿಟ್ಟಿದ್ದರು. ಮೊದಲ ಪುಟದಲ್ಲಿ 'ಸಾಲ 32,00,000' ಎಂದಿತ್ತು. ಡಿಸೆಂಬರ್ ಕೊನೆಯ ಪುಟದಲ್ಲಿ 'ಬಾಕಿ 34,01,550' ಎಂದಿತ್ತು. "ಅಣ್ಣಾ, ಒಂದು ಕಂತೂ ತಪ್ಪಿಸಿದ್ದಿಲ್ಲ. ಒಂದು ವರ್ಷದಲ್ಲಿ ಆರು ಲಕ್ಷ ಕಟ್ಟಿದ್ದೇವೆ. ಆದರೂ ತೆಗೆದ ಸಾಲಕ್ಕಿಂತ ಬಾಕಿಯೇ ಹೆಚ್ಚಾಗಿದೆಯಲ್ಲ, ಎಲ್ಲಿ ತಪ್ಪಿದೆ ನೋಡಿ" ಎಂದರು. ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹುಕಾಲ ಕುಳಿತು ನಿವೃತ್ತನಾದ ನನಗೆ ಆ ಪುಸ್ತಕದಲ್ಲಿ ಕೂಡಿಸುವ ಕಳೆಯುವ ತಪ್ಪು ಒಂದೂ ಸಿಗಲಿಲ್ಲ. ಸಾಲ ಡಾಲರಿನದು, ಪುಸ್ತಕ ರೂಪಾಯಿಯದು. ಅವರ ಪ್ರಶ್ನೆ ಹುಟ್ಟಿದ್ದು ಇವೆರಡರ ನಡುವಿನ ಅಂತರದಲ್ಲಿ.

ಕಾಸರಗೋಡಿನ ಈ ಭಾಗದಿಂದ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳುಹಿಸುವ ಮನೆಗಳು ಈಗ ಅಪರೂಪವಲ್ಲ. ಊರಿನ ಬ್ಯಾಂಕು ಜಾಮೀನು ಕೇಳಿದಾಗ, ಜಾಗದ ದಾಖಲೆಗಳು ಒಟ್ಟು ಕುಟುಂಬದ ಹೆಸರಿನಲ್ಲೇ ಉಳಿದಿರುವಾಗ, ಜಾಮೀನಿಲ್ಲದೆ ನೇರವಾಗಿ ಡಾಲರಿನಲ್ಲೇ ಸಾಲ ಕೊಡುವ ವಿದೇಶಿ ಸಂಸ್ಥೆಗಳ ಕಡೆಗೆ ಕೆಲವರು ಹೋಗುತ್ತಾರೆ. ಈ ಮನೆಯವರು ಮಾಡಿದ್ದೂ ಅದನ್ನೇ. ಅವರ ಗುರುತು ಸಿಗದಿರಲೆಂದು ಅಂಕಿಗಳನ್ನು ಸ್ವಲ್ಪ ಸರಳಗೊಳಿಸಿ ಇಲ್ಲಿ ಕೊಡುತ್ತಿದ್ದೇನೆ.

2022ರ ಆಗಸ್ಟಿನಲ್ಲಿ 40,000 ಡಾಲರ್ ಸಾಲ, ವರ್ಷಕ್ಕೆ ಶೇಕಡಾ 12ರ ಸ್ಥಿರ ಬಡ್ಡಿ. ಓದಿನ ಅವಧಿಯಲ್ಲೂ ಓದು ಮುಗಿದ ಮೇಲಿನ ಕೆಲವು ತಿಂಗಳುಗಳಲ್ಲೂ ಬಡ್ಡಿಯನ್ನು ಮಾತ್ರ, ಎಂದರೆ ತಿಂಗಳಿಗೆ 400 ಡಾಲರ್ ಕಟ್ಟಬೇಕು. 2025ರ ಜನವರಿಯಿಂದ ಹತ್ತು ವರ್ಷ, ತಿಂಗಳಿಗೆ 573.88 ಡಾಲರಿನ ಕಂತು. ಸಾಲ ಕೈಗೆ ಬಂದಾಗ ಡಾಲರ್ ಸುಮಾರು 80 ರೂಪಾಯಿ ಇತ್ತು. ಆದ್ದರಿಂದ ಅವರು ಪುಸ್ತಕದಲ್ಲಿ 32 ಲಕ್ಷ ಎಂದು ಬರೆದರು, ಕಂತು ಸುಮಾರು 45,900 ರೂಪಾಯಿ ಬರುತ್ತದೆ ಎಂದು ಲೆಕ್ಕ ಹಾಕಿದರು. ಆ ದಿನದ ಮಟ್ಟಿಗೆ ಅದು ಸರಿಯೇ ಆಗಿತ್ತು.

ಆಮೇಲಿನ ಎರಡು ವರ್ಷ ಅವರನ್ನು ದಾರಿ ತಪ್ಪಿಸಿದವು ಎಂದೇ ನನಗನಿಸುತ್ತದೆ. 2022ರ ಅಕ್ಟೋಬರಿನಲ್ಲಿ ಡಾಲರ್ 83 ರೂಪಾಯಿ ದಾಟಿತು. ಅಲ್ಲಿಂದ 2024ರ ನವೆಂಬರಿನವರೆಗೆ ಅದು ಹೆಚ್ಚುಕಡಿಮೆ 81 ಮತ್ತು 84.5ರ ನಡುವೆಯೇ ಓಡಾಡಿತು. ರಿಸರ್ವ್ ಬ್ಯಾಂಕು ತನ್ನ ಸಂಗ್ರಹದಿಂದ ಡಾಲರ್ ಮಾರಿ, ಮತ್ತೆ ಕೊಂಡು ಏರಿಳಿತವನ್ನು ತಡೆಯುತ್ತಿತ್ತು. ಮಗಳ ಓದು ಪೂರ್ತಿಯಾಗಿ ಈ ಶಾಂತ ಕಾಲದಲ್ಲೇ ಕಳೆದುಹೋಯಿತು, ಬಡ್ಡಿಯ ಮೊತ್ತ ತಿಂಗಳಿಂದ ತಿಂಗಳಿಗೆ ಹೆಚ್ಚೇನೂ ಬದಲಾಗಲಿಲ್ಲ, ವಿನಿಮಯ ದರ ಎನ್ನುವುದು ಟಿವಿಯಲ್ಲಿ ಓಡುವ ಒಂದು ಸಾಲು ಮಾತ್ರ ಎಂಬ ನಂಬಿಕೆ ಮನೆಯಲ್ಲಿ ಗಟ್ಟಿಯಾಯಿತು. ರೂಪಾಯಿಯ ಇಳಿತ ಇಳಿಜಾರಿನಂತೆ ನಿಧಾನವಾಗಿ ಬರುವುದು ಕಡಿಮೆ. ಬಹಳ ಕಾಲ ಒಂದೇ ಮೆಟ್ಟಿಲಿನಲ್ಲಿ ನಿಂತು, ಕೆಲವೇ ತಿಂಗಳಲ್ಲಿ ಕೆಳಗಿನ ಮೆಟ್ಟಿಲಿಗೆ ಜಾರುವುದು ಅದರ ರೀತಿ. ಪೂರ್ಣ ಕಂತು ಶುರುವಾದ 2025ರ ಜನವರಿಯಲ್ಲಿ ಡಾಲರ್ 86 ದಾಟಿತ್ತು. ನಡುವೆ ಸ್ವಲ್ಪ ಇಳಿದು, ಡಿಸೆಂಬರಿನಲ್ಲಿ 90ನ್ನು ದಾಟಿತು. 45,900 ಎಂದುಕೊಂಡಿದ್ದ ಕಂತು ಆಗ 51,650 ಆಯಿತು.

ಕಂತು ಏರಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಉಳಿದ ಅಸಲಿಗೆ ಆದದ್ದು ಅಷ್ಟು ಸುಲಭವಾಗಿ ಕಾಣಿಸುವುದಿಲ್ಲ, ಪೆಟ್ಟು ದೊಡ್ಡದಾಗಿ ಬೀಳುವುದು ಅಲ್ಲಿಯೇ. ಮೊದಲ ವರ್ಷ ಅವರು ಕಟ್ಟಿದ್ದು ಒಟ್ಟು ಸುಮಾರು 6,890 ಡಾಲರ್. ಹತ್ತು ವರ್ಷದ ಸಾಲದಲ್ಲಿ ಮೊದಲ ವರ್ಷದ ಕಂತಿನ ಬಹುಪಾಲು ಬಡ್ಡಿಗೇ ಹೋಗುವುದರಿಂದ ಅಸಲಿನಲ್ಲಿ ಇಳಿದದ್ದು ಸುಮಾರು 2,205 ಡಾಲರ್ ಮಾತ್ರ, ಉಳಿದದ್ದು 37,795 ಡಾಲರ್. ಈ ಉಳಿದ ಒಂದೊಂದು ಡಾಲರಿಗೂ ಡಿಸೆಂಬರಿನ ಹೊತ್ತಿಗೆ 80ರ ಬದಲು 90 ರೂಪಾಯಿ ಕೊಡಬೇಕಾಗಿತ್ತು. ಎಂದರೆ ವಿನಿಮಯ ದರವೊಂದರಿಂದಲೇ ಬಾಕಿಗೆ ಸೇರಿಕೊಂಡದ್ದು 3.78 ಲಕ್ಷ ರೂಪಾಯಿ. ವರ್ಷವಿಡೀ ಕಟ್ಟಿ ಇಳಿಸಿದ ಅಸಲು, ಸಾಲ ತೆಗೆದ ದಿನದ ದರದಲ್ಲಿ, ಸುಮಾರು 1.76 ಲಕ್ಷ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದೇ ಆ ಪುಸ್ತಕದ ಕೊನೆಯ ಪುಟದಲ್ಲಿ ಹೆಚ್ಚಾಗಿ ಕಂಡ ಎರಡು ಲಕ್ಷ. ಸಾಲದ ಆರಂಭದ ವರ್ಷಗಳಲ್ಲಿ ಅಸಲು ಹೆಚ್ಚು ಉಳಿದಿರುತ್ತದೆ. ಆಗ ರೂಪಾಯಿ ಕುಸಿದರೆ ಹೊರೆ ಹೆಚ್ಚು, ಕೊನೆಯ ವರ್ಷಗಳಲ್ಲಿ ಕುಸಿದರೆ ಕಡಿಮೆ.

ಇದನ್ನು ಬಡ್ಡಿಯ ಭಾಷೆಯಲ್ಲಿ ಹೇಳುವುದಾದರೆ, 80ರಿಂದ 90ಕ್ಕೆ ಹೋಗಲು ಸುಮಾರು ಮೂರು ವರ್ಷ ನಾಲ್ಕು ತಿಂಗಳು ಹಿಡಿಯಿತು. ಸರಾಸರಿ ವರ್ಷಕ್ಕೆ ಶೇಕಡಾ ಮೂರೂವರೆ. ರೂಪಾಯಿಯಲ್ಲಿ ಸಂಪಾದಿಸುವವನಿಗೆ ಶೇಕಡಾ 12ರ ಡಾಲರ್ ಸಾಲ ಈ ಅವಧಿಯಲ್ಲಿ ಬಿದ್ದದ್ದು ಸುಮಾರು ಶೇಕಡಾ 16ರ ಹಾಗೆ. ಡಾಲರ್ ಸಾಲದ ಬಡ್ಡಿ ಕಡಿಮೆ ಎಂದು ಯಾರಾದರೂ ಹೇಳಿದಾಗ ಮೊದಲು ಕೇಳಬೇಕಾದದ್ದು, ಆ ಬಡ್ಡಿಯ ಮೇಲೆ ರೂಪಾಯಿಯ ಇಳಿತವನ್ನು ಸೇರಿಸಿದ್ದಾರೆಯೇ ಎಂದು. ಶೇಕಡಾ 8ರ ಡಾಲರ್ ಸಾಲ ಕೂಡ ಇದೇ ಇಳಿತ ಮುಂದುವರಿದರೆ ಊರಿನ ಬ್ಯಾಂಕಿನ ಶೇಕಡಾ 11ರ ರೂಪಾಯಿ ಸಾಲಕ್ಕಿಂತ ಅಗ್ಗವಲ್ಲ.

ಆದರೆ ಇದೇ ಸಾಲ ಬೇರೆಯವರ ಕೈಯಲ್ಲಿ ಬೇರೆಯೇ ಆಗುತ್ತದೆ, ಮತ್ತು ನಮ್ಮ ಜಿಲ್ಲೆಯ ಮಟ್ಟಿಗೆ ಈ ವಿಷಯದಲ್ಲಿ ಹೆಚ್ಚು ತಿಳಿಯಬೇಕಾದದ್ದು ಇದೇ. ಮಗಳು ಅಮೆರಿಕದಲ್ಲೇ ಕೆಲಸದಲ್ಲಿದ್ದು ಡಾಲರ್ ಸಂಬಳದಿಂದ ಕಟ್ಟುವಂತಿದ್ದರೆ ಕಂತು ಹತ್ತು ವರ್ಷವೂ 573.88 ಡಾಲರೇ, ರೂಪಾಯಿ 80 ಇದ್ದರೂ 100 ಇದ್ದರೂ ಅವಳಿಗೆ ಒಂದೇ. ತಂದೆಯ ಅಡಿಕೆಯಿಂದ ಕಟ್ಟುವುದಾದರೆ ಪೂರ್ತಿ ಹೊರೆ ಅವರದೇ. ಯಾಕೆಂದರೆ ಅಡಿಕೆ ಬಹುಪಾಲು ನಮ್ಮ ದೇಶದೊಳಗೇ ಮಾರಿ ಮುಗಿಯುವ ಬೆಳೆ. ಡಾಲರ್ ಏರಿತೆಂದು ಅಡಿಕೆಗೆ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೊಡುವವರು ಯಾರೂ ಇಲ್ಲ.

ಮೂರನೆಯ ಕೈ ಗಲ್ಫಿನದು. ಈ ಮನೆಯಲ್ಲೂ ಹುಡುಗಿಯ ಸೋದರಮಾವ ಶಾರ್ಜಾದಲ್ಲಿದ್ದಾರೆ. ಯುಎಇಯ ದಿರ್ಹಮನ್ನು 1997ರಿಂದ ಒಂದು ಡಾಲರಿಗೆ 3.6725 ಎಂದು ಕಟ್ಟಿಡಲಾಗಿದೆ; ಸೌದಿ ರಿಯಾಲ್ 3.75ಕ್ಕೆ, ಕತಾರ್ ರಿಯಾಲ್ 3.64ಕ್ಕೆ ಹೀಗೆಯೇ ನಿಂತಿವೆ. ಮಾವನ ಮಟ್ಟಿಗೆ ಆ ಕಂತು 2022ರಲ್ಲಿ ಸುಮಾರು 2,108 ದಿರ್ಹಮ್ ಆಗಿತ್ತು, ಈಗಲೂ 2,108 ದಿರ್ಹಮೇ. ಡಾಲರ್ ಸಾಲಕ್ಕೆ ಗಲ್ಫಿನ ಸಂಬಳ ಹೀಗೆ ತಾನಾಗಿಯೇ ಕೊಡೆ ಹಿಡಿಯುತ್ತದೆ. ಆದರೆ ಮಾವ ಆ ಹಣವನ್ನು ಊರಿನ ಖಾತೆಗೆ ಕಳುಹಿಸಿ, ಭಾವ ಅದನ್ನು ಇಲ್ಲಿಂದ ಡಾಲರಿಗೆ ಬದಲಿಸಿ ಅಮೆರಿಕಕ್ಕೆ ಕಳುಹಿಸಿದರೆ ಎರಡು ಸಲ ಹಣ ಬದಲಿಸಿದ ಖರ್ಚು ಬೀಳುತ್ತದೆ. ಶಾರ್ಜಾದಿಂದ ನೇರವಾಗಿ ಸಾಲದ ಖಾತೆಗೆ ಕಟ್ಟಿದರೆ ರೂಪಾಯಿಯ ಪ್ರಸ್ತಾಪವೇ ಬರುವುದಿಲ್ಲ. ಇದನ್ನು ನಾನು ಹೇಳಿದಾಗ ಅವರು, "ಮನೆಗೆ ಬರುವ ಹಣ ಮನೆಗೇ ಬರಲಿ ಎಂದು ನಾವೇ ಹೇಳಿದ್ದು" ಎಂದರು. ನೆರವು ನೀಡುವವರ ಹಣ ಮೊದಲು ಹಿರಿಯರ ಕೈಗೆ ಬರಬೇಕೆಂಬ ಮರ್ಯಾದೆಗೆ ಅವರು ತಿಳಿಯದೆಯೇ ಬೆಲೆ ತೆರುತ್ತಿದ್ದರು.

ಗಲ್ಫಿನ ಕೊಡೆ ಡಾಲರಿನ ಮಳೆಗೆ ಮಾತ್ರ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಜರ್ಮನಿ, ಐರ್ಲೆಂಡ್ ಕಡೆ ಓದುವವರ ಸಾಲ ಯೂರೋದಲ್ಲಿದ್ದರೆ ದಿರ್ಹಮ್ ಸಂಬಳದವರಿಗೂ ರಕ್ಷಣೆಯಿಲ್ಲ. 2025ರಲ್ಲಿ ನಡೆದದ್ದು ಅದೇ: ವರ್ಷದ ಆರಂಭದಲ್ಲಿ 1.03 ಡಾಲರಿನ ಆಸುಪಾಸಿನಲ್ಲಿದ್ದ ಯೂರೋ ವರ್ಷದ ಕೊನೆಗೆ 1.17ರ ಸುತ್ತ ಇತ್ತು. ಡಾಲರಿಗೆ ಕಟ್ಟಿಕೊಂಡ ದಿರ್ಹಮ್ ಅಷ್ಟೇ ಪ್ರಮಾಣದಲ್ಲಿ ಯೂರೋದ ಎದುರು ಇಳಿಯಿತು. ರೂಪಾಯಿ ಡಾಲರಿನ ಎದುರೂ ಇಳಿದದ್ದರಿಂದ ಊರಿನಿಂದ ಕಟ್ಟುವವರಿಗೆ ಯೂರೋ ಇನ್ನೂ ದುಬಾರಿಯಾಯಿತು. 2022ರ ಆಗಸ್ಟಿನಲ್ಲಿ 80ರ ಆಸುಪಾಸಿನಲ್ಲಿದ್ದ ಯೂರೋ 2025ರ ಡಿಸೆಂಬರಿನಲ್ಲಿ 105 ರೂಪಾಯಿ ದಾಟಿತ್ತು.

ಈಗ ಊರಿನ ಬ್ಯಾಂಕಿನ ರೂಪಾಯಿ ಸಾಲವನ್ನು ಇದೇ ತಕ್ಕಡಿಯಲ್ಲಿಟ್ಟು ನೋಡೋಣ. 32 ಲಕ್ಷ ರೂಪಾಯಿ, ಶೇಕಡಾ 11, ಹತ್ತು ವರ್ಷ ಎಂದಾದರೆ ಕಂತು ಸುಮಾರು 44,080 ರೂಪಾಯಿ. ಬಡ್ಡಿದರ ಬದಲಾದರೆ ಇದು ಸ್ವಲ್ಪ ಏರಿಳಿಯಬಹುದು, ಆದರೆ ಡಾಲರ್ ಎಲ್ಲಿಗೆ ಹೋದರೂ ತಂದೆಗೆ ಇದರಿಂದ ಆತಂಕವಿಲ್ಲ. ಮಗಳು ಅಮೆರಿಕದಿಂದ ಕಟ್ಟಿದರೆ ರೂಪಾಯಿಯ ಕುಸಿತ ಅವಳಿಗೆ ಲಾಭವೇ: 80ರ ದರದಲ್ಲಿ ಈ ಕಂತಿಗೆ 551 ಡಾಲರ್ ಬೇಕಿತ್ತು, 90ರಲ್ಲಿ 490 ಸಾಕು. ರೂಪಾಯಿ ಸಾಲಕ್ಕೆ ಇರುವ ತೊಂದರೆ ಬೇರೆಯದು, ಅದು ತೀರಿಸುವಾಗ ಅಲ್ಲ, ಪಡೆಯುವಾಗ ಬರುತ್ತದೆ. ಮಂಜೂರಾತಿ ರೂಪಾಯಿಯಲ್ಲಿ ನಿಗದಿಯಾಗಿರುತ್ತದೆ, ಬ್ಯಾಂಕು ಶುಲ್ಕವನ್ನು ಸೆಮಿಸ್ಟರ್ ಲೆಕ್ಕದಲ್ಲಿ ಬಿಡುಗಡೆ ಮಾಡುತ್ತದೆ, ವಿಶ್ವವಿದ್ಯಾಲಯ ಕೇಳುವುದು ಡಾಲರು. ಎರಡನೆಯ ವರ್ಷದ 20,000 ಡಾಲರ್ ಶುಲ್ಕಕ್ಕೆ 80ರ ದರದಲ್ಲಿ 16 ಲಕ್ಷ ಎಂದು ಬರೆಸಿದ್ದರೆ, 83ರ ದರದಲ್ಲಿ ಅದು 16.6 ಲಕ್ಷ. ಈ 60,000 ರೂಪಾಯಿಯನ್ನು ಶುಲ್ಕದ ಕೊನೆಯ ದಿನದೊಳಗೆ ಮನೆಯವರೇ ಹೊಂದಿಸಬೇಕಾಗುತ್ತದೆ. ಅರ್ಜಿ ಹಾಕುವಾಗಲೇ ಅಂದಿನ ದರದ ಮೇಲೆ ಶೇಕಡಾ ಎಂಟು ಹತ್ತು ಸೇರಿಸಿ ಮಂಜೂರು ಮಾಡಿಸಿಕೊಂಡರೆ ಈ ಪರದಾಟ ತಪ್ಪುತ್ತದೆ. ಪಡೆಯದ ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ.

ಹಾಗಾದರೆ ಮಗಳಿಗೆ ಅಲ್ಲೇ ಕೆಲಸ ಸಿಗುತ್ತದೆ ಎಂಬ ಭರವಸೆಯಿದ್ದರೆ ಡಾಲರ್ ಸಾಲ ಸರಿಯೇ ಎಂದು ಕೇಳಬಹುದು. ಸಾಲ ತೆಗೆಯುವಾಗ ಎಲ್ಲರೂ ಹೀಗೆಯೇ ಯೋಚಿಸುತ್ತಾರೆ. ಆದರೆ ಓದು ಮುಗಿದ ಮೇಲೆ ಅಮೆರಿಕ ಕೆಲಸಕ್ಕೆ ಕೊಡುವ ಅವಕಾಶ 12 ತಿಂಗಳು. ವಿಜ್ಞಾನ, ತಂತ್ರಜ್ಞಾನ, ಗಣಿತದ ಪದವಿಯಾದರೆ ಇನ್ನೂ 24 ತಿಂಗಳು. ಸಾಲ ಮಾತ್ರ ಹತ್ತು ವರ್ಷದ್ದು. ಮೂರು ವರ್ಷದ ಆಚೆಗಿನ ಏಳು ವರ್ಷ ಡಾಲರ್ ಸಂಬಳ ಇರುತ್ತದೆಯೋ ಇಲ್ಲವೋ ಎಂಬುದು ವೀಸಾದ ಕೈಯಲ್ಲಿದೆ. ಇನ್ನೂ ಕಷ್ಟದ ಸಂಗತಿಯೆಂದರೆ ಕೆಲಸ ಹೋಗುವುದೂ ರೂಪಾಯಿ ಕುಸಿಯುವುದೂ ಒಟ್ಟಿಗೇ ಬರುವ ಸಂಭವ ಹೆಚ್ಚು. ಜಗತ್ತಿನಲ್ಲಿ ಆರ್ಥಿಕ ಭಯ ಹಬ್ಬಿದಾಗ ಹೂಡಿಕೆದಾರರು ನಮ್ಮಂತಹ ದೇಶಗಳಿಂದ ಹಣ ತೆಗೆದು ಡಾಲರಿನಲ್ಲಿ ಇಟ್ಟುಕೊಳ್ಳುತ್ತಾರೆ. 2008ರ ಆರಂಭದಲ್ಲಿ 40ಕ್ಕಿಂತ ಕೆಳಗಿದ್ದ ಡಾಲರ್ 2009ರ ಮಾರ್ಚ್ ಹೊತ್ತಿಗೆ 50 ದಾಟಿತ್ತು. ಅಮೆರಿಕದ ಕಂಪೆನಿಗಳು ಜನರನ್ನು ಮನೆಗೆ ಕಳುಹಿಸುತ್ತಿದ್ದ ತಿಂಗಳುಗಳೂ ಅವೇ. 2020ರ ಕೊರೊನಾ ಕಾಲದಲ್ಲಿ ಕೂಡ 71ರ ಆಸುಪಾಸಿನಲ್ಲಿದ್ದ ಡಾಲರ್ ಮೂರು ತಿಂಗಳೊಳಗೆ 76ಕ್ಕೆ ಬಂತು. ಕೆಲಸ ಕಳೆದುಕೊಂಡು ಊರಿಗೆ ಮರಳಿದ ಮಗಳು ರೂಪಾಯಿಯಲ್ಲಿ ಸಾಲ ಕಟ್ಟಲು ಶುರುಮಾಡುವುದು ರೂಪಾಯಿ ಅತ್ಯಂತ ದುರ್ಬಲವಾಗಿರುವ ದಿನಗಳಲ್ಲೇ ಆಗಬಹುದು. ನಮ್ಮ ಈ ಮನೆಯ ಹುಡುಗಿ ಕೆಲಸ ಸಿಗದೆ 2024ರ ಕೊನೆಗೆ ಮರಳಿ ಬಂದು, ಈಗ ಬೆಂಗಳೂರಿನಲ್ಲಿ ರೂಪಾಯಿ ಸಂಬಳಕ್ಕೆ ದುಡಿಯುತ್ತಿದ್ದಾಳೆ.

ಇಂಥ ಸ್ಥಿತಿಗೆ ಬಂದ ಮೇಲೆ ಇರುವ ದಾರಿ, ಊರಿನ ಬ್ಯಾಂಕಿನಿಂದ ರೂಪಾಯಿ ಸಾಲ ತೆಗೆದು ಡಾಲರ್ ಸಾಲವನ್ನು ಮುಗಿಸುವುದು. ಹಾಗೆ ಮಾಡಬೇಕೇ ಬೇಡವೇ ಎಂದು ನೋಡಲು ಒಂದು ಸಣ್ಣ ಭಾಗಾಕಾರ ಸಾಕು. ಬಾಕಿ 37,795 ಡಾಲರನ್ನು 90ರ ದರದಲ್ಲಿ ಬದಲಿಸಿದರೆ 34,01,550 ರೂಪಾಯಿ; ಅದನ್ನು ಶೇಕಡಾ 11ರಂತೆ ಉಳಿದ ಒಂಬತ್ತು ವರ್ಷಕ್ಕೆ ತೆಗೆದುಕೊಂಡರೆ ಕಂತು ಸುಮಾರು 49,750 ರೂಪಾಯಿ. ಇದನ್ನು ಡಾಲರ್ ಕಂತಾದ 573.88ರಿಂದ ಭಾಗಿಸಿದರೆ 86.7 ಬರುತ್ತದೆ. ಮುಂದಿನ ಒಂಬತ್ತು ವರ್ಷ ಡಾಲರ್ ಸರಾಸರಿ 86 ರೂಪಾಯಿ 70 ಪೈಸೆಗಿಂತ ಅಗ್ಗವಾಗಿ ಸಿಕ್ಕಿದರೆ ಮಾತ್ರ ಹಳೆಯ ಸಾಲ ಉಳಿಸಿಕೊಂಡದ್ದು ಲಾಭ ಎಂದು ಇದರ ಅರ್ಥ. ಜಾಮೀನಿನ ತೊಡಕಿನಿಂದ ಬ್ಯಾಂಕು ಶೇಕಡಾ 12.5 ಕೇಳಿದರೂ ಕಂತು ಸುಮಾರು 52,600 ಆಗಿ, ಈ ಗಡಿ 91.7ಕ್ಕೆ ಬರುತ್ತದೆ, ಆ 90ರ ತುಸು ಮೇಲೆ ಅಷ್ಟೆ. ಮುಂದಿನ ದರವನ್ನು ಯಾರೂ ಖಚಿತವಾಗಿ ಹೇಳಲಾರರು. ರೂಪಾಯಿ ಚೇತರಿಸಿಕೊಳ್ಳಲೂಬಹುದು, ಆಗ ಬದಲಿಸಿಕೊಂಡವರಿಗೆ ನಷ್ಟ ಹಾಗೆಯೇ ಉಳಿಯುತ್ತದೆ. ಆದರೆ ಕಳೆದ ಇಪ್ಪತ್ತೈದು ವರ್ಷಗಳ ನಡೆಯನ್ನು ನೋಡಿದರೆ ಒಂಬತ್ತು ವರ್ಷದ ಸರಾಸರಿ ಆರಂಭದ ದರಕ್ಕಿಂತ ಕೆಳಗಿರುತ್ತದೆ ಎಂದು ಸಾಲಗಾರ ಪಣ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಡಾಲರ್ ಆದಾಯವೇ ಇಲ್ಲದ ಮನೆ ಸ್ವಲ್ಪ ಹೆಚ್ಚು ಬಡ್ಡಿ ಕೊಟ್ಟಾದರೂ ರೂಪಾಯಿಗೆ ಬರುವುದು ಮೇಲು.

ಇದೇ ಪ್ರಶ್ನೆಯನ್ನು ಒಂದು ದೇಶವೇ ಎದುರಿಸಿದ ಉದಾಹರಣೆಯಿದೆ. ಹಂಗೇರಿಯ ಲಕ್ಷಾಂತರ ಮನೆಗಳು ಬಡ್ಡಿ ಕಡಿಮೆ ಎಂದು ಸ್ವಿಸ್ ಫ್ರಾಂಕಿನಲ್ಲಿ ಗೃಹಸಾಲ ತೆಗೆದಿದ್ದವು, ಸಂಬಳ ಮಾತ್ರ ತಮ್ಮ ಫೊರಿಂಟಿನಲ್ಲಿ. 2008ರಲ್ಲಿ ಸುಮಾರು 160 ಫೊರಿಂಟ್ ಇದ್ದ ಫ್ರಾಂಕು 2014ರ ಕೊನೆಗೆ 256ರ ಹತ್ತಿರ ಬಂದಾಗ ಸರಕಾರ ಆ ದರದಲ್ಲೇ ಎಲ್ಲ ಸಾಲಗಳನ್ನೂ ಫೊರಿಂಟಿಗೆ ಬದಲಿಸಲು ನಿರ್ಧರಿಸಿತು. ಅಷ್ಟು ಕೆಟ್ಟ ದರದಲ್ಲಿ ಬದಲಿಸುವುದೇ ಎಂದು ಆಗ ಅನಿಸುವಂತಿತ್ತು. ಕೆಲವೇ ವಾರಗಳ ಬಳಿಕ, 2015ರ ಜನವರಿ 15ರಂದು, ಸ್ವಿಟ್ಜರ್‌ಲೆಂಡಿನ ಕೇಂದ್ರ ಬ್ಯಾಂಕು ಫ್ರಾಂಕಿಗೆ ಹಾಕಿದ್ದ ಮಿತಿಯನ್ನು ತೆಗೆಯಿತು, ಒಂದೇ ದಿನದಲ್ಲಿ ಫ್ರಾಂಕು ಮೇಲಕ್ಕೆ ಹಾರಿತು. ಹಂಗೇರಿಯ ಮನೆಗಳು ಪಾರಾದವು. ಬದಲಿಸದೆ ಉಳಿದಿದ್ದ ಪೋಲೆಂಡಿನ ಸಾಲಗಾರರು ಆ ಪೆಟ್ಟನ್ನು ಪೂರ್ತಿ ತಿಂದರು.

ಡಾಲರ್ ಸಾಲವನ್ನು ಸದ್ಯಕ್ಕೆ ಊರಿನಿಂದಲೇ ಕಟ್ಟುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಟಿವಿಯಲ್ಲಿ ಕಾಣುವ ದರ ಬ್ಯಾಂಕುಗಳು ತಮ್ಮೊಳಗೆ ವ್ಯವಹರಿಸುವ ದರ. ನಮಗೆ ಅನ್ವಯಿಸುವುದು ಬ್ಯಾಂಕಿನ ಟಿ.ಟಿ. ಸೆಲ್ಲಿಂಗ್ ದರ, ಎಂದರೆ ಹೊರದೇಶಕ್ಕೆ ಹಣ ಕಳುಹಿಸುವಾಗ ಬ್ಯಾಂಕು ನಮಗೆ ಡಾಲರ್ ಮಾರುವ ದರ, ಅದು ಯಾವಾಗಲೂ ಟಿವಿಯ ದರಕ್ಕಿಂತ ಹೆಚ್ಚಿರುತ್ತದೆ. ಆ ದರವನ್ನು ಕೇಳಿ, ಎರಡು ಬ್ಯಾಂಕುಗಳಲ್ಲಿ ಹೋಲಿಸಿ ಕಳುಹಿಸುವುದು ಒಳ್ಳೆಯದು. ಹಣ ಕಳುಹಿಸುವ ಅರ್ಜಿಯಲ್ಲಿ ಶುಲ್ಕದ ಕಾಲಂ ಒಂದಿರುತ್ತದೆ: ಅಲ್ಲಿ SHA ಎಂದಿದ್ದರೆ ನಡುವಿನ ಬ್ಯಾಂಕು ತನ್ನ ಶುಲ್ಕವನ್ನು ಕಳುಹಿಸಿದ ಮೊತ್ತದಿಂದಲೇ ಮುರಿದುಕೊಳ್ಳಬಹುದು, OUR ಎಂದಿದ್ದರೆ ಎಲ್ಲ ಶುಲ್ಕ ನಮ್ಮದು, ಕಂತು ಪೂರ್ತಿ ತಲುಪುತ್ತದೆ. ಈ ಮನೆಯವರ ಖಾತೆಯಲ್ಲಿ ಎರಡು ತಿಂಗಳು ಕಂತು ಹದಿನೈದು ಇಪ್ಪತ್ತು ಡಾಲರ್ ಕಡಿಮೆ ತಲುಪಿ ವಿಳಂಬ ಶುಲ್ಕ ಬಿದ್ದಿತ್ತು. ಕಾರಣ ಆ ಕಾಲಮ್ಮಿನ ಮೂರು ಅಕ್ಷರ. ಸಾಲದ ಸ್ಟೇಟ್‌ಮೆಂಟಿನಲ್ಲಿ ಜಮೆಯಾದ ಡಾಲರನ್ನೂ ನಾವು ಕಳುಹಿಸಿದ ಡಾಲರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಆ ದಿನ ಸಂಜೆಯವರೆಗೆ ಕುಳಿತು ಅವರ ಪುಸ್ತಕದಲ್ಲಿ ಹೊಸ ಪುಟವೊಂದಕ್ಕೆ ನಾಲ್ಕು ಮನೆ ಎಳೆದೆವು: ತಾರೀಕು, ಬಾಕಿ ಡಾಲರ್, ಅಂದಿನ ದರ, ರೂಪಾಯಿ. ರೂಪಾಯಿ ಸಾಲಕ್ಕೆ ಬದಲಿಸಿಕೊಳ್ಳಲು ತೋಟದ ದಾಖಲೆಗಳೊಂದಿಗೆ ಬ್ಯಾಂಕಿಗೆ ಅರ್ಜಿ ಕೊಡುವುದೆಂದೂ, ಅದು ಮಂಜೂರಾಗುವವರೆಗಿನ ಕಂತುಗಳನ್ನು ಮಾವ ಶಾರ್ಜಾದಿಂದಲೇ ನೇರವಾಗಿ ಕಟ್ಟುವುದೆಂದೂ ಫೋನಿನಲ್ಲೇ ಮಾತಾಯಿತು. ಜನವರಿಯ ಕಂತು ಆಗಲೇ ಜಮೆಯಾಗಿತ್ತು, ಅದರಲ್ಲಿ 377.95 ಡಾಲರ್ ಬಡ್ಡಿಗೆ, 195.93 ಡಾಲರ್ ಅಸಲಿಗೆ. ಎರಡನೆಯ ಮನೆಯಲ್ಲಿ 37,795ರ ಕೆಳಗೆ ಅವರೇ 37,599 ಎಂದು ಬರೆದರು, ಬರೆದು ಒಮ್ಮೆ ಕಳೆದು ನೋಡಿ ಸರಿಯಿದೆ ಎಂದರು.